ಕೊಟ್ಟಿಗೆಯ ಮೇಲೆ ಯಾವ ಹೊದಿಕೆ?

ತಿಪಟೂರಿನ ಸುತ್ತಮುತ್ತ ತೆಂಗಿನ ತೋಟದ ಮಗ್ಗುಲಲ್ಲಿ ಎರಡು ಹಸು, ಒಂದು ಕರುವಿಗೆಂದು ಹೊಸ ಕೊಟ್ಟಿಗೆ ಕಟ್ಟಬೇಕಾಗಿದೆ ಎಂದುಕೊಳ್ಳೋಣ. ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಕಂಬ ನಿಲ್ಲಿಸಿ ಅರ್ಧಗೋಡೆ ಎಬ್ಬಿಸುವುದರ ಬಗ್ಗೆ ಮನೆಯವರಲ್ಲಿ ಎರಡು ಮಾತಿಲ್ಲ. ಮೇಲೆ ಏನು ಹಾಕಬೇಕು ಎನ್ನುವಾಗ ಮಾತ್ರ ಮನೆಯಲ್ಲಿ ನಾಲ್ಕು ಅಭಿಪ್ರಾಯ. ಅಜ್ಜ ಹೆಂಚು ಎನ್ನುತ್ತಾರೆ. ಮಗ ಜಿಂಕ್ ಶೀಟ್ ಸಾಕು ಎನ್ನುತ್ತಾನೆ. ಗಾರೆಯವನು ಸಿಮೆಂಟ್ ಶೀಟ್ ಹಾಕಿಸಿ, ಬಿಸಿಲು ತಡೆಯುತ್ತದೆ ಎನ್ನುತ್ತಾನೆ. ಪೇಟೆಯಲ್ಲಿರುವ ಅಳಿಯ, ಬೆಳಕು ಚೆನ್ನಾಗಿ ಬರುತ್ತದೆ, ಪಾಲಿಕಾರ್ಬೊನೇಟ್ ನೋಡಿ ಎಂದು ಫೋನಿನಲ್ಲಿ ಹೇಳುತ್ತಾನೆ. ನಾಲ್ಕು ಮಾತಿನಲ್ಲೂ ಒಂದಷ್ಟು ಸತ್ಯ ಇದೆ. ಆದರೆ ಕೊಟ್ಟಿಗೆಯ ಕೆಳಗೆ ನಿಲ್ಲುವುದು ಹಸು, ಮೇಲೆ ನಿಂತಿರುವುದು ತೆಂಗಿನ ಮರ. ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ ಬೇಗ ಸ್ಪಷ್ಟವಾಗುತ್ತದೆ.

ಅಂಗಡಿಯಲ್ಲಿ ಚದರಡಿಗೆ ಎಷ್ಟು ಎಂದು ಕೇಳುವ ಮೊದಲು ಇಳಿಜಾರು ಮತ್ತು ಭಾರದ ಲೆಕ್ಕ ಹಾಕಿಕೊಳ್ಳಬೇಕು. ಹೊದಿಕೆಯ ಬೆಲೆಗಿಂತ ಅದನ್ನು ಹೊರುವ ಕಟ್ಟಿನ ಬೆಲೆ ಎಷ್ಟೋ ಸಲ ಜಾಸ್ತಿ ಆಗುವುದು ಇಲ್ಲೇ.

ತಗಡಿಗೆ ಹತ್ತು ಡಿಗ್ರಿ ಇಳಿಜಾರು ಇದ್ದರೂ ನೀರು ಸರಾಗವಾಗಿ ಹರಿದು ಹೋಗುತ್ತದೆ. ಹನ್ನೆರಡು ಅಡಿ ಅಗಲದ ಕೊಟ್ಟಿಗೆಗೆ ಅಂದರೆ ಹಿಂದಿನ ಕಂಬ ಎಂಟು ಅಡಿ, ಮುಂದಿನದು ಹತ್ತಡಿಗಿಂತ ಚೂರು ಹೆಚ್ಚು. ಒಂದೇ ಕಡೆಗೆ ಇಳಿಸಿದರೆ ಆಯಿತು. ಮಂಗಳೂರು ಹೆಂಚಿಗೆ ಇದು ಸಾಲದು. ಹೆಂಚುಗಳು ಒಂದರ ಅಂಚಿನ ಮೇಲೆ ಒಂದು ಕೂರುತ್ತವೆಯೇ ಹೊರತು ಅವನ್ನು ಬೆಸೆಯುವ ಅಂಟಾಗಲಿ ಸ್ಕ್ರೂ ಆಗಲಿ ಇರುವುದಿಲ್ಲ. ಇಳಿಜಾರು ಕಡಿಮೆಯಾದರೆ ಗಾಳಿ ಮಳೆಯನ್ನು ಸಂದಿಯೊಳಗೆ ಹಿಂದಕ್ಕೆ ತಳ್ಳುತ್ತದೆ. ಮೂವತ್ತು ಡಿಗ್ರಿ ಆಸುಪಾಸು ಇರಲೇಬೇಕು. ಅಷ್ಟು ಇಳಿಜಾರನ್ನು ಒಂದೇ ಕಡೆಗೆ ಕೊಟ್ಟರೆ ಮುಂಭಾಗ ಹಿಂಭಾಗಕ್ಕಿಂತ ಏಳು ಅಡಿ ಎತ್ತರ ಹೋಗುತ್ತದೆ. ಹಾಗಾಗಿ ನಡುವೆ ತೊಲೆ ಇಟ್ಟು ಎರಡೂ ಕಡೆಗೆ ಇಳಿಸಬೇಕು. ಮರದ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಭಾರದ ವ್ಯತ್ಯಾಸ ಇನ್ನೂ ದೊಡ್ಡದು. ಉದ್ದದ ಎರಡೂ ಕಡೆ ಎರಡೆರಡು ಅಡಿ, ಅಗಲದ ಕಡೆ ಒಂದೊಂದು ಅಡಿ ಸೂರು ಚಾಚಿಸಿದರೆ ಹೊದಿಸಬೇಕಾದ ಜಾಗ ಮೇಲಿನಿಂದ ನೋಡಿದಂತೆ ಹದಿನೆಂಟು ಅಡಿಗೆ ಹದಿನಾರು ಅಡಿ. ಅರ್ಧ ಮಿಲಿಮೀಟರ್ ದಪ್ಪದ ತಗಡಾದರೆ ಐದು ಮೀಟರ್ ಉದ್ದದ ಆರು ಶೀಟ್ ಬೇಕು. ಒಟ್ಟು ತೂಕ ಸುಮಾರು 145 ಕೆಜಿ. ಅದೇ ಜಾಗಕ್ಕೆ ಆರು ಮಿಲಿಮೀಟರ್ ದಪ್ಪದ ಸಿಮೆಂಟ್ ಶೀಟ್ ಹಾಕಿದರೆ ಸುಮಾರು 450 ಕೆಜಿ. ಹೆಂಚಿಗೆ ಇಳಿಜಾರು ಹೆಚ್ಚಿಸಿದಾಗ ಮಾಡಿನ ವಿಸ್ತಾರವೂ ಹೆಚ್ಚುತ್ತದೆ. ಚದರ ಮೀಟರಿಗೆ ಹದಿನೈದರ ಲೆಕ್ಕದಲ್ಲಿ ಸುಮಾರು 465 ಹೆಂಚು ಬೇಕು. ಒಂದಕ್ಕೆ ಎರಡೂವರೆ ಕೆಜಿ ಹಿಡಿದರೂ ಒಂದು ಟನ್ ದಾಟುತ್ತದೆ, ಮಳೆಯಲ್ಲಿ ನೆನೆದಾಗ ಇನ್ನಷ್ಟು. ಕಂಬ, ತೊಲೆ, ರೀಪು ಎಲ್ಲವೂ ಆ ಭಾರಕ್ಕೆ ತಕ್ಕಂತೆ ದಪ್ಪವಾಗಬೇಕು. ಹಳೆಯ ಮನೆ ಬಿಚ್ಚಿದ ಮರ, ಹೆಂಚು ಎರಡೂ ಮನೆಯಲ್ಲೇ ಬಿದ್ದಿದ್ದರೆ ಹೆಂಚು ಅಗ್ಗ. ಮರವನ್ನು ಹೊಸದಾಗಿ ಕೊಳ್ಳಬೇಕೆಂದರೆ ನಾಲ್ಕರಲ್ಲಿ ಅದೇ ದುಬಾರಿ.

ಹಗುರ ಇರುವುದೂ ಪೂರ್ತಿ ಲಾಭವಲ್ಲ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ತಗಡಿನ ಮಾಡು ಹಾರಿಹೋದ ಸುದ್ದಿ ಪ್ರತಿವರ್ಷ ಪತ್ರಿಕೆಯಲ್ಲಿ ಇರುತ್ತದೆ. ಕೊಟ್ಟಿಗೆಗೆ ಗೋಡೆ ಅರ್ಧವೇ ಇರುವುದರಿಂದ ಗಾಳಿ ಒಳಗೆ ನುಗ್ಗಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ. ಮೇಲೆ ಕಲ್ಲು ಹೇರಿ ಇಡುವ ರೂಢಿ ಅಪಾಯಕಾರಿ. ತಗಡು ಎದ್ದರೆ ಕಲ್ಲೂ ಅದರ ಜೊತೆ ಬೀಳುತ್ತದೆ. ಕಂಬದ ಬುಡ ಕಾಂಕ್ರೀಟಿನಲ್ಲಿ ಕೂತಿರಬೇಕು, ಅಡ್ಡಪಟ್ಟಿ ಕಂಬಕ್ಕೆ ಬೋಲ್ಟಿನಲ್ಲಿ ಬಿಗಿದಿರಬೇಕು. ಸೂರಿನ ಅಂಚಿನ ಸಾಲಿನಲ್ಲಿ ಸ್ಕ್ರೂಗಳು ಹತ್ತಿರ ಹತ್ತಿರ ಇರಬೇಕು, ಏಕೆಂದರೆ ಗಾಳಿ ಮೊದಲು ಎಬ್ಬಿಸುವುದು ಅಂಚನ್ನೇ.

ಇನ್ನು ಬಿಸಿಲು. ಮಾರ್ಚ್ ಮಧ್ಯಾಹ್ನ ತಗಡಿನ ಮೈ ಅರವತ್ತು ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹೊಳೆಯುವ ತಗಡು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಆದ್ದರಿಂದ ತಣ್ಣಗಿರಬೇಕಲ್ಲ ಎಂದು ಅನ್ನಿಸಬಹುದು. ಹಿಂದಕ್ಕೆ ಕಳಿಸುವುದು ನಿಜ. ಆದರೆ ಹೀರಿಕೊಂಡಷ್ಟು ಶಾಖವನ್ನು ಆಕಾಶದತ್ತ ಹೊರಸೂಸುವ ಗುಣ ಬರಿಯ ಸತುವಿನ ಮೈಗೆ ಬಹಳ ಕಡಿಮೆ. ಒಳಗೆ ಬಂದ ಬಿಸಿ ಹೊರಹೋಗಲು ದಾರಿ ಸಿಗದೆ ತಗಡು ಕಾಯುತ್ತಲೇ ಹೋಗುತ್ತದೆ. ಎರಡು ಮೂರು ವರ್ಷಕ್ಕೆ ಹೊಳಪು ಮಂಕಾದರೆ ಹಿಂದಕ್ಕೆ ಕಳಿಸುವ ಗುಣವೂ ತಗ್ಗುತ್ತದೆ. ಬಿಳಿ ಬಣ್ಣದ ವಿಚಾರ ಬೇರೆ. ಅದು ಬಿಸಿಲನ್ನೂ ಹಿಂದಕ್ಕೆ ಕಳಿಸುತ್ತದೆ, ಶಾಖವನ್ನೂ ಸಲೀಸಾಗಿ ಹೊರಸೂಸುತ್ತದೆ. ತಗಡಿನ ಮೇಲ್ಮೈಗೆ ಬಿಳಿ ಅಥವಾ ಬಿಳಿಗೆ ಹತ್ತಿರದ ಬಣ್ಣ ಇದ್ದರೆ ಮಧ್ಯಾಹ್ನದ ಮೈಶಾಖ ಹತ್ತು ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ಅಂಗಡಿಯಲ್ಲಿ ಕಡು ನೀಲಿ, ಇಟ್ಟಿಗೆ ಕೆಂಪು ಬಣ್ಣದ ಶೀಟುಗಳು ಕಣ್ಣಿಗೆ ಚೆಂದ ಕಾಣುತ್ತವೆ. ಕೊಟ್ಟಿಗೆಗೆ ಅವು ಬೇಡ.

ಹಸುವಿಗೆ ಈ ಬಿಸಿ ತಟ್ಟುವುದು ಗಾಳಿಯಿಂದ ಮಾತ್ರ ಅಲ್ಲ. ಕಾದ ತಗಡು ಕೆಳಮುಖವಾಗಿಯೂ ಶಾಖ ಸೂಸುತ್ತದೆ, ಅದು ನೇರವಾಗಿ ಬೆನ್ನಿಗೆ ಬೀಳುತ್ತದೆ. ಎಚ್‌ಎಫ್ ಮಿಶ್ರತಳಿಯ ಹಸು ಸೆಕೆಯಲ್ಲಿ ಮೇವು ಕಡಿಮೆ ತಿನ್ನುತ್ತದೆ, ನಿಂತಲ್ಲೇ ಏದುಸಿರು ಬಿಡುತ್ತದೆ, ಹಾಲು ಇಳಿಯುತ್ತದೆ. ನಾಟಿ ಹಸು ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ. ಆದ್ದರಿಂದ ತಗಡು ಹಾಕುವುದಾದರೆ ಮಾಡಿನ ತಗ್ಗಿನ ಕಡೆಯೇ ಎಂಟು ಅಡಿಗಿಂತ ಕಡಿಮೆ ಇರಬಾರದು, ಎತ್ತರದ ಕಡೆ ಮಾಡಿಗೂ ಗೋಡೆಗೂ ನಡುವೆ ಬಿಸಿಗಾಳಿ ಹೊರಹೋಗಲು ಜಾಗ ತೆರೆದಿರಬೇಕು. ತೆಂಗಿನ ಗರಿ ಹೆಣೆದ ತಟ್ಟಿಯನ್ನು ಮಾಡಿನ ಕೆಳಗೆ ಒಂದು ಗೇಣು ಬಿಟ್ಟು ಕಟ್ಟಿದರೆ ಬೆನ್ನಿಗೆ ಬೀಳುವ ಶಾಖ ಬಹುಮಟ್ಟಿಗೆ ನಿಲ್ಲುತ್ತದೆ. ಕರೆಂಟಿನ ವೈರು, ಬಲ್ಬು ಅದಕ್ಕೆ ತಾಗದಂತೆ ಎಚ್ಚರ ಬೇಕು, ಒಣಗರಿ ಬೇಗ ಬೆಂಕಿ ಹಿಡಿಯುತ್ತದೆ. ಅದೇ ಗರಿಯನ್ನು ತಗಡಿನ ಮೇಲೆ ಹಾಸುವುದನ್ನೂ ಹಳ್ಳಿಗಳಲ್ಲಿ ಕಾಣಬಹುದು. ತಂಪೇನೋ ಆಗುತ್ತದೆ, ಆದರೆ ಮಳೆ ನಿಂತು ಎಷ್ಟೋ ದಿನವಾದರೂ ಗರಿಯಡಿಯ ತೇವ ಆರುವುದಿಲ್ಲ. ತಗಡು ಅಲ್ಲಿಂದಲೇ ಕೊಳೆಯುತ್ತದೆ.

ಹೆಂಚು ತಂಪು ಎನ್ನುವ ಅಜ್ಜನ ಮಾತು ಅನುಭವದ ಮಾತು. ಕೆಂಪು ಹೆಂಚು ಬಿಸಿಲನ್ನು ಸಾಕಷ್ಟು ಹೀರಿಕೊಳ್ಳುತ್ತದೆ, ಆ ಲೆಕ್ಕದಲ್ಲಿ ಅದು ಬಿಳಿ ತಗಡಿಗಿಂತ ಮೇಲಲ್ಲ. ಆದರೆ ದಪ್ಪ ಇರುವುದರಿಂದ ನಿಧಾನವಾಗಿ ಕಾಯುತ್ತದೆ, ಸಾವಿರಾರು ಸಂದಿಗಳ ಮೂಲಕ ಒಳಗಿನ ಬಿಸಿಗಾಳಿ ಸದಾ ಮೇಲೆ ಹೋಗುತ್ತಿರುತ್ತದೆ. ಹೆಂಚಿನ ಮನೆಯ ಅಡುಗೆಕೋಣೆಯ ಹೊಗೆ ಚಿಮಣಿಯಿಲ್ಲದೆಯೂ ಮಾಡಿನಿಂದ ಹೊರಡುವುದನ್ನು ನೋಡಿದವರಿಗೆ ಇದು ಗೊತ್ತು. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ನೀರು ಆರುವಾಗಲೂ ಒಂದಿಷ್ಟು ತಂಪು.

ಸಿಮೆಂಟ್ ಶೀಟ್ ಈ ಎರಡರ ನಡುವೆ ಬರುತ್ತದೆ. ತಗಡಿನಷ್ಟು ಬೇಗ ಬಿಸಿ ಕೆಳಗಿಳಿಸುವುದಿಲ್ಲ. ಆದರೆ ಬೂದು ಬಣ್ಣದ ಮೈಗೆ ಪಾಚಿ ಹಿಡಿದು ಕಪ್ಪಾದ ಮೇಲೆ ಅದೂ ಚೆನ್ನಾಗಿಯೇ ಕಾಯುತ್ತದೆ. ಬೇಸಿಗೆಗೆ ಮುಂಚೆ ಸುಣ್ಣ ಬಳಿದರೆ ಅನುಕೂಲ. ಜಿಂಕ್ ಶೀಟಿಗೆ ಮಾತ್ರ ಸುಣ್ಣ ಬಳಿಯಬಾರದು, ಹಸಿಸುಣ್ಣದ ಕ್ಷಾರ ಸತುವನ್ನು ತಿನ್ನುತ್ತದೆ. ಅದಕ್ಕೆ ತಗಡಿಗೆಂದೇ ಬರುವ ಬಿಳಿ ಅಕ್ರಿಲಿಕ್ ಬಣ್ಣ ಬೇಕು.

ಪಾಲಿಕಾರ್ಬೊನೇಟ್ ಬೆಳಕಿನ ಜೊತೆಗೆ ಬಿಸಿಲನ್ನೂ ಒಳಗೆ ಬಿಡುತ್ತದೆ. ಒಳಗಿನ ನೆಲ, ಗೋಡೆ ಕಾಯುತ್ತವೆ, ಆ ಶಾಖ ಹೊರಗೆ ಹೋಗಲಾರದು. ಸಸಿ ಬೆಳೆಸುವವರಿಗೆ ಬೇಕಾದದ್ದೇ ಈ ಗುಣ. ಕಟ್ಟಿಹಾಕಿದ ಹಸುವಿಗೆ ಅದೇ ಹಿಂಸೆ.

ಮಳೆಯ ಸದ್ದಿನ ವಿಷಯಕ್ಕೆ ಬಂದರೆ, ತೆಳ್ಳಗೆ ಹಗುರವಾಗಿ ಎಳೆದು ಬಿಗಿದ ಯಾವುದೇ ಹಾಳೆ ತಮಟೆಯ ಚರ್ಮದಂತೆ ಕೆಲಸ ಮಾಡುತ್ತದೆ. ಹನಿ ಬಿದ್ದ ಕಡೆ ಹಾಳೆ ಅದುರುತ್ತದೆ, ಆ ಅದುರು ಇಡೀ ಶೀಟಿಗೆ ಹಬ್ಬುತ್ತದೆ. ತಗಡು, ಪಾಲಿಕಾರ್ಬೊನೇಟ್ ಎರಡೂ ಹೀಗೆಯೇ. ಸಿಮೆಂಟ್ ಶೀಟ್ ಮೂರು ಪಟ್ಟು ಭಾರ ಇರುವುದರಿಂದ ಹನಿಗೆ ಅಷ್ಟಾಗಿ ಅದುರುವುದಿಲ್ಲ. ಹೆಂಚಿನಲ್ಲಿ ಪ್ರತಿ ತುಂಡೂ ಬೇರೆ ಬೇರೆ, ಒಂದರ ಅದುರು ಪಕ್ಕದ್ದಕ್ಕೆ ದಾಟುವುದಿಲ್ಲ. ಆದ್ದರಿಂದ ಹೆಂಚಿನ ಮೇಲೆ ಜೋರುಮಳೆಯೂ ಒಂದೇ ಸಮನೆಯ ಸದ್ದು. ಹಸುಗಳು ಕೆಲವೇ ದಿನಗಳಲ್ಲಿ ಸದ್ದಿಗೆ ಒಗ್ಗಿಕೊಳ್ಳುತ್ತವೆ, ಆದರೆ ಮೊದಲ ಆಲಿಕಲ್ಲು ಮಳೆಗೆ ಬೆದರಿ ಹಗ್ಗ ಕಿತ್ತುಕೊಳ್ಳುವುದೂ ಉಂಟು. ಕೊಟ್ಟಿಗೆ ಮನೆಯ ಮಲಗುವ ಕೋಣೆಗೆ ಅಂಟಿಕೊಂಡಿದ್ದರೆ ಕಷ್ಟ ಮನುಷ್ಯರಿಗೆ. ಆಗ ಅಡ್ಡಪಟ್ಟಿಗಳ ನಡುವಿನ ಅಂತರ ತಗ್ಗಿಸುವುದು, ತಗಡಿನ ಒಳಮೈಗೆ ಫೋಮ್ ಪದರ ಅಂಟಿಸಿರುವ ಶೀಟ್ ತರುವುದು ಇವೆರಡು ಕೆಲಸಕ್ಕೆ ಬರುತ್ತವೆ. ತಗಡಿನಿಂದ ದೂರ ಇಳಿಬಿಟ್ಟ ತಟ್ಟಿಗಿಂತ ಮೈಗೆ ಅಂಟಿಕೊಂಡ ಪದರ ಅದುರುವುದನ್ನೇ ತಡೆಯುತ್ತದೆ.

ಬೆಳಗ್ಗೆ ಬಿಸಿಲೇರುವಾಗ, ಸಂಜೆ ಆರುವಾಗ ಮಾಡು ಟಕ್ ಟಕ್ ಎನ್ನುವುದು ಬೇರೆ ಕಾರಣಕ್ಕೆ. ಐದು ಮೀಟರ್ ಉದ್ದದ ಉಕ್ಕಿನ ಶೀಟ್ ನಲವತ್ತು ಡಿಗ್ರಿ ಬಿಸಿಯೇರಿದರೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಅಷ್ಟೇ ಉದ್ದದ ಪಾಲಿಕಾರ್ಬೊನೇಟ್ ಹದಿಮೂರು ಮಿಲಿಮೀಟರ್ ಹಿಗ್ಗುತ್ತದೆ. ತಗಡಿಗೆ ಹೊಡೆದಂತೆಯೇ ಅದಕ್ಕೂ ಸ್ಕ್ರೂ ಬಿಗಿದುಬಿಟ್ಟರೆ ಹಿಗ್ಗಲು ಜಾಗವಿಲ್ಲದೆ ಶೀಟ್ ಅಲೆಅಲೆಯಾಗಿ ಉಬ್ಬುತ್ತದೆ, ಒಂದೆರಡು ಬೇಸಿಗೆಯಲ್ಲಿ ಸ್ಕ್ರೂವಿನ ತೂತಿನಿಂದ ಬಿರುಕು ಹೊರಡುತ್ತದೆ. ಪಾಲಿಕಾರ್ಬೊನೇಟಿನಲ್ಲಿ ತೂತು ಸ್ಕ್ರೂವಿಗಿಂತ ದೊಡ್ಡದಿರಬೇಕು, ಮೇಲೆ ಅಗಲವಾದ ವಾಷರ್ ಕೂರಬೇಕು. ಇನ್ನೊಂದು ತಪ್ಪೂ ಇಷ್ಟೇ ಸಾಮಾನ್ಯ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಪದರ ಹೆಚ್ಚಿನ ಶೀಟುಗಳಿಗೆ ಒಂದೇ ಮೈಮೇಲೆ ಇರುತ್ತದೆ, ಅದು ಯಾವುದು ಎಂದು ಮೇಲಂಟಿಸಿದ ಹಾಳೆಯ ಮೇಲೆ ಬರೆದಿರುತ್ತದೆ. ಹಾಳೆ ಮೊದಲೇ ಕಿತ್ತು ತಲೆಕೆಳಗಾಗಿ ಹಾಕಿದರೆ ಶೀಟ್ ಬೇಗ ಹಳದಿಯಾಗಿ ಬಿರುಸಾಗುತ್ತದೆ.

ಎಷ್ಟು ವರ್ಷ ಬಾಳುತ್ತದೆ ಎನ್ನುವ ಪ್ರಶ್ನೆಯನ್ನು ಕೊಟ್ಟಿಗೆಯಲ್ಲಿ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಗಂಜಲ, ಸಗಣಿಯಿಂದ ಅಮೋನಿಯಾ ಏಳುತ್ತದೆ. ಮೂಗಿಗೆ ಚುರುಗುಟ್ಟುವ ಆ ವಾಸನೆ ಕೊಟ್ಟಿಗೆಗೆ ಹೊಕ್ಕವರಿಗೆಲ್ಲ ಗೊತ್ತು. ಡಿಸೆಂಬರ್, ಜನವರಿಯ ರಾತ್ರಿ ತಗಡು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಸುಗಳ ಉಸಿರಿನ ತೇವ ಅದರ ಒಳಮೈಗೆ ತಗುಲಿ ಇಬ್ಬನಿಯಂತೆ ಹನಿಗಟ್ಟುತ್ತದೆ. ಅಮೋನಿಯಾ ಆ ಹನಿಯಲ್ಲಿ ಕರಗುತ್ತದೆ. ಮಳೆ ಮೇಲ್ಮೈಯನ್ನಾದರೂ ತೊಳೆಯುತ್ತದೆ, ಒಳಮೈಯನ್ನು ತೊಳೆಯುವವರು ಯಾರೂ ಇಲ್ಲ. ಕೊಟ್ಟಿಗೆಯ ತಗಡು ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ. ಮೊದಲು ಕಾಣುವುದು ಬಿಳಿ ಪುಡಿ, ಅದು ಸತು ಕರಗುತ್ತಿರುವ ಗುರುತು. ಆಮೇಲೆ ಒಂದರ ಮೇಲೊಂದು ಕೂತ ಅಂಚುಗಳಲ್ಲಿ, ಸ್ಕ್ರೂವಿನ ಸುತ್ತ ಕೆಂಪು ಚುಕ್ಕೆ. ಕೆಂಪು ಕಂಡಿತೆಂದರೆ ಅಲ್ಲಿ ಸತು ಮುಗಿದಿದೆ ಎಂದೇ ಅರ್ಥ.

ಜಿಂಕ್ ಶೀಟಿನ ಆಯುಷ್ಯ ಇರುವುದು ಆ ಸತುವಿನ ಪದರದಲ್ಲಿ. ಅದನ್ನು ಅಳೆಯುವುದು ಎರಡೂ ಮೈ ಸೇರಿಸಿ ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. 120 ಗ್ರಾಂ ಇದ್ದರೆ ಒಂದೊಂದು ಮೈಗೆ ಸಿಗುವುದು ಎಂಟೂವರೆ ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. 275 ಗ್ರಾಂ ಇದ್ದರೆ ಹತ್ತೊಂಬತ್ತು ಮೈಕ್ರಾನ್. ತಿಪಟೂರಿನಂಥ ಒಳನಾಡಿನ ಶುಭ್ರ ಗಾಳಿಯಲ್ಲಿ ವರ್ಷಕ್ಕೆ ಒಂದು ಮೈಕ್ರಾನಿಗಿಂತ ಹೆಚ್ಚು ಸವೆಯುವುದು ಅಪರೂಪ. ಅದೇ ಶೀಟ್ ಉಪ್ಪುಗಾಳಿಯ ಕಡಲತೀರದಲ್ಲಿ ವರ್ಷಕ್ಕೆ ಮೂರು ನಾಲ್ಕು ಮೈಕ್ರಾನ್ ಕಳೆದುಕೊಳ್ಳಬಹುದು. ಗಾಳಿಯಾಡದ ಕೊಟ್ಟಿಗೆಯ ಒಳಮೈಯೂ ಕಡಲತೀರದ ಹಾಗೆಯೇ ವರ್ತಿಸುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಯಾವ ಕಂಪನಿ ಎನ್ನುವುದಕ್ಕಿಂತ ಮೊದಲು ಎಷ್ಟು ಗ್ರಾಂ ಎನ್ನುವುದು. ಶೀಟಿನ ಹಿಂದೆ ಅಚ್ಚಾದ ಅಕ್ಷರಗಳಲ್ಲಿ ಝಡ್ 120, ಝಡ್ 275 ಎಂದು ಅದು ಬರೆದಿರುತ್ತದೆ.

ದಪ್ಪದ ವಿಷಯದಲ್ಲೂ ಎಚ್ಚರ ಬೇಕು. ಅರ್ಧ ಮಿಲಿಮೀಟರ್ ಎಂದು ಮಾರುವ ಬಣ್ಣದ ಶೀಟಿನಲ್ಲಿ ಬಣ್ಣ, ಸತು ಎಲ್ಲವನ್ನೂ ಸೇರಿಸಿ ಅರ್ಧ ಮಿಲಿಮೀಟರ್ ಆಗಿರಬಹುದು, ಒಳಗಿನ ಉಕ್ಕು ಅದಕ್ಕಿಂತ ತೆಳುವು. ಇದನ್ನು ಪತ್ತೆ ಮಾಡಲು ತಕ್ಕಡಿ ಸಾಕು. ನಾಲ್ಕು ಅಡಿ ಅಗಲದ ಸುರುಳಿಯಿಂದ ಮಾಡಿದ ಶೀಟ್ ನಿಜಕ್ಕೂ ಅರ್ಧ ಮಿಲಿಮೀಟರ್ ಇದ್ದರೆ ಐದು ಮೀಟರ್ ಉದ್ದಕ್ಕೆ ಸುಮಾರು ಇಪ್ಪತ್ನಾಲ್ಕು ಕೆಜಿ ತೂಗುತ್ತದೆ. ಹತ್ತೊಂಬತ್ತರ ಹತ್ತಿರ ತೂಗಿದರೆ ಅದು 0.4 ಮಿಲಿಮೀಟರಿನ ಮಾಲು.

ಅಲ್ಯುಮಿನಿಯಂ ಮತ್ತು ಸತು ಬೆರೆಸಿದ ಲೇಪದ ಶೀಟುಗಳು ಈಗ ಎಲ್ಲ ಕಡೆ ಸಿಗುತ್ತವೆ. ಮನೆ, ಗೋದಾಮಿಗೆ ಅವು ಬರಿಯ ಸತುವಿಗಿಂತ ಹೆಚ್ಚು ಬಾಳುತ್ತವೆ ಎನ್ನುವುದು ಸರಿ. ಆದರೆ ದನ, ಕೋಳಿ ಕಟ್ಟುವ ಜಾಗಕ್ಕೆ ಹಾಕಿದರೆ ಹಲವು ತಯಾರಕರು ವಾರಂಟಿ ಕೊಡುವುದಿಲ್ಲ. ಆ ಲೇಪವನ್ನು ಅಮೋನಿಯಾ ಹಾಳುಮಾಡುತ್ತದೆ ಎಂಬುದು ಅವರಿಗೇ ಗೊತ್ತು. ಹೆಚ್ಚು ಬೆಲೆ ಕೊಟ್ಟು ಕೊಟ್ಟಿಗೆಗೆ ಅದನ್ನೇ ತರುವವರಿಗೆ ಈ ಷರತ್ತನ್ನು ಓದಿ ಹೇಳುವ ಅಂಗಡಿಯವರು ಕಡಿಮೆ. ಕೊಟ್ಟಿಗೆಗೆ 275 ಗ್ರಾಂ ಸತುವಿದ್ದು ಎರಡೂ ಮೈಗೆ ಬಣ್ಣ ಹೊಡೆದ ಶೀಟೇ ಸೂಕ್ತ. ಪಾಲಿಕಾರ್ಬೊನೇಟಿಗೂ ಅಮೋನಿಯಾ ಆಗದು. ಆದ್ದರಿಂದ ಬೆಳಕಿಗೆಂದು ನಡುವೆ ಒಂದು ಪಟ್ಟಿ ಹಾಕುವ ಯೋಚನೆಯನ್ನೂ ಇಲ್ಲಿ ಬಿಡುವುದೇ ಒಳ್ಳೆಯದು. ವಾಹನ ನಿಲ್ಲಿಸುವ, ಸಾಮಾನು ಇಡುವ ಶೆಡ್ಡಿಗೆ ಅಂಥ ಪಟ್ಟಿ ಚೆನ್ನಾಗಿ ಒಪ್ಪುತ್ತದೆ. ಒಳ್ಳೆಯ ಶೀಟಿಗೆ ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಭರವಸೆ ಕೊಡುತ್ತಾರೆ.

ಸಿಮೆಂಟ್ ಶೀಟಿಗೆ ತುಕ್ಕಿಲ್ಲ, ಅಮೋನಿಯಾದ ಭಯವೂ ಇಲ್ಲ. ಅದರ ತೊಂದರೆ ಬೇರೆ. ಮೊದಲನೆಯದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಲ್ನಾರಿನ ಎಲ್ಲ ಬಗೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಲ್ನಾರು ಕಾರ್ಖಾನೆ, ಗಣಿಗಳ ಕಾರ್ಮಿಕರ ಆರೋಗ್ಯದ ಕುರಿತು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಮಹತ್ವದ ತೀರ್ಪು ಕೊಟ್ಟಿದೆ. ಹಾಗಿದ್ದೂ ಭಾರತದಲ್ಲಿ ಬಿಳಿ ಕಲ್ನಾರಿನ ಶೀಟುಗಳ ಮಾರಾಟಕ್ಕೆ ಇನ್ನೂ ಅಡ್ಡಿಯಿಲ್ಲ. ಮಾಡಿನ ಮೇಲೆ ಸುಮ್ಮನೆ ಕೂತ ಶೀಟಿನಿಂದ ಆಗುವ ಅಪಾಯ ಕಡಿಮೆ. ಅದನ್ನು ಕೊಯ್ದಾಗ, ಕೊರೆದಾಗ, ಒಡೆದಾಗ ಏಳುವ ದೂಳು ಅಪಾಯಕಾರಿ. ಗ್ರೈಂಡರ್ ಹಿಡಿದು ಒಣಶೀಟ್ ಕತ್ತರಿಸುವ ಕೆಲಸಗಾರ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಕಲ್ನಾರಿಲ್ಲದ, ಬೇರೆ ನಾರು ಬೆರೆಸಿದ ಸಿಮೆಂಟ್ ಶೀಟುಗಳು ಸಿಗುತ್ತವೆ. ಶೀಟಿನ ಮೇಲಿನ ಮುದ್ರೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಐಎಸ್ 459 ಎಂದಿದ್ದರೆ ಕಲ್ನಾರಿನದು, ಐಎಸ್ 14871 ಎಂದಿದ್ದರೆ ಬೇರೆ ನಾರಿನದು. ಬೆಲೆ ಹೆಚ್ಚಾದರೂ ಎರಡನೆಯದನ್ನೇ ಕೇಳಿ ತರಬೇಕು.

ಎರಡನೆಯ ತೊಂದರೆ ಒಡೆಯುವುದು. ಸಿಮೆಂಟ್ ಶೀಟ್ ಮೇಲೆ ನೇರವಾಗಿ ಕಾಲಿಟ್ಟು ನಡೆದವರು ಶೀಟ್ ಮುರಿದು ಕೆಳಗೆ ಬಿದ್ದು ಸತ್ತಿದ್ದಾರೆ. ಹಳೆಯದಾದಂತೆ ಅದು ಇನ್ನೂ ಬಿರುಸು. ಹತ್ತಲೇಬೇಕಾದರೆ ಅಡ್ಡಪಟ್ಟಿಯ ಮೇಲೆ ಭಾರ ಬೀಳುವಂತೆ ಹಲಗೆ ಹಾಸಿ ಹತ್ತಬೇಕು. ಆರು ಮಿಲಿಮೀಟರ್ ಶೀಟಿಗೆ ಅಡ್ಡಪಟ್ಟಿಗಳ ಅಂತರ 1.4 ಮೀಟರ್ ಮೀರಬಾರದು. ಬೋಲ್ಟಿನ ತೂತನ್ನು ಉಬ್ಬಿದ ಏಣಿನ ಮೇಲೆ ಡ್ರಿಲ್ಲಿನಲ್ಲೇ ಕೊರೆಯಬೇಕು, ಮೊಳೆ ಬಡಿದು ತೂತು ಮಾಡಿದರೆ ಆ ಕ್ಷಣಕ್ಕೆ ಕಾಣದ ಕೂದಲೆಳೆಯ ಬಿರುಕು ಮುಂದಿನ ಮಳೆಗಾಲಕ್ಕೆ ಕಾಣುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಐವತ್ತು ಅಡಿ ಮೇಲಿನಿಂದ ಬಲಿತ ತೆಂಗಿನಕಾಯಿಯೊಂದು ಬಿದ್ದರೆ ಶೀಟ್ ಉಳಿಯುವುದಿಲ್ಲ. ತಗಡಾದರೆ ತಗ್ಗು ಬೀಳುತ್ತದೆ, ಬಣ್ಣ ಸಿಡಿಯುತ್ತದೆ, ಆದರೆ ಕೆಳಗಿನ ಹಸು ಬದುಕುತ್ತದೆ.

ಬಾಳಿಕೆಯಲ್ಲಿ ಹೆಂಚಿಗೆ ಸಮ ಯಾವುದೂ ಇಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅಚ್ಚಿನ ಹೆಂಚು ಕರ್ನಾಟಕವನ್ನೆಲ್ಲ ಹಬ್ಬಿತು. ಆ ಕಾಲದ ಮುದ್ರೆ ಹೊತ್ತ ಹೆಂಚುಗಳು ಕರಾವಳಿ, ಮಲೆನಾಡಿನ ಮನೆಗಳ ಮೇಲೆ ಇಂದಿಗೂ ಇವೆ. ಉಪ್ಪುಗಾಳಿ, ಅಮೋನಿಯಾ ಎರಡೂ ಸುಟ್ಟ ಮಣ್ಣಿಗೆ ಏನೂ ಮಾಡವು. ಮೊದಲು ಹಾಳಾಗುವುದು ಕೆಳಗಿನ ರೀಪು, ಗೆದ್ದಲಿನಿಂದ. ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ನೋಡಬೇಕು. ಚೆನ್ನಾಗಿ ಬೆಂದದ್ದು ಲೋಹದಂತೆ ಸದ್ದು ಕೊಡುತ್ತದೆ, ಬಿರುಕಿದ್ದದ್ದು ಮಂದವಾಗಿ ಕೇಳಿಸುತ್ತದೆ. ಅದಕ್ಕೆ ಬೇಕಾದದ್ದು ಪ್ರತಿವರ್ಷದ ಆರೈಕೆ: ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹೆಂಚು ಕೈಯಾಡಿಸಿ, ಜಾರಿದ್ದನ್ನು ಸರಿಸಿ, ಒಡೆದದ್ದನ್ನು ಬದಲಿಸಬೇಕು. ಈ ಕೆಲಸ ಬಲ್ಲವರು ಕಡಿಮೆಯಾದದ್ದು, ಕೋತಿಗಳ ಕಾಟ ಹೆಚ್ಚಾದದ್ದು, ಈ ಎರಡು ಕಾರಣಕ್ಕೆ ಮಲೆನಾಡಿನ ಎಷ್ಟೋ ಮನೆಗಳ ಹೆಂಚು ಇಳಿದು ತಗಡು ಏರಿದೆ.

ನಮ್ಮ ಕೊಟ್ಟಿಗೆಗೆ ಬಂದರೆ, ಅದು ಬಯಲಿನಲ್ಲಿ ಇದ್ದು ಮನೆಯಲ್ಲಿ ಹಳೆಯ ಮರ ಇದ್ದಿದ್ದರೆ ಹೆಂಚೇ ಸರಿ ಎನ್ನಬಹುದಿತ್ತು. ತೆಂಗಿನ ಮರದಡಿ ಅದು ಆಗದು, ಸಿಮೆಂಟ್ ಶೀಟೂ ಆಗದು. ಉಳಿಯುವುದು ತಗಡು: 275 ಗ್ರಾಂ ಸತು, ಮೇಲೆ ಬಿಳಿ ಬಣ್ಣ, ಅರ್ಧ ಮಿಲಿಮೀಟರ್ ಉಕ್ಕು. ಸೂರಿನಿಂದ ಸೂರಿಗೆ ಒಂದೇ ತುಂಡಿನಲ್ಲಿ ಐದು ಮೀಟರ್ ಉದ್ದ ಹೇಳಿ ಮಾಡಿಸಿದರೆ ಇಳಿಜಾರಿನ ಮಧ್ಯೆ ಜೋಡಣೆಯೇ ಇರುವುದಿಲ್ಲ, ತೇವ ನಿಂತು ತುಕ್ಕು ಶುರುವಾಗುವ ಒಂದು ಜಾಗ ಕಡಿಮೆಯಾಯಿತು. ಗಾಳಿಯಾಡುವ ಎತ್ತರ, ಕೆಳಗೆ ಗರಿತಟ್ಟಿ, ದಿನವೂ ಗಂಜಲ ಹರಿದುಹೋಗುವ ಚರಂಡಿ ಇದ್ದರೆ ಇಂಥ ಮಾಡು ಹದಿನೈದು ಇಪ್ಪತ್ತು ವರ್ಷ ನಿಲ್ಲುತ್ತದೆ.

ಮಾಲು ಬಂದ ದಿನದಿಂದಲೇ ಅದನ್ನು ಕಾಯಬೇಕು. ಒಂದರ ಮೇಲೊಂದು ಪೇರಿಸಿಟ್ಟ ಹೊಸ ಶೀಟುಗಳ ನಡುವೆ ಮಳೆನೀರು ಸೇರಿದರೆ ಕೆಲವೇ ದಿನಗಳಲ್ಲಿ ಬಿಳಿ ತುಕ್ಕು ಹಿಡಿಯುತ್ತದೆ, ಹಾಗಾಗಿ ನೆಲದಿಂದ ಎತ್ತರಿಸಿ, ಒಂದು ತುದಿ ತಗ್ಗಿಸಿ, ನೆರಳಿನಲ್ಲಿ ಇಡಬೇಕು. ಕತ್ತರಿಸುವುದಿದ್ದರೆ ತಗಡು ಕತ್ತರಿಯಲ್ಲೇ ಕತ್ತರಿಸಬೇಕು, ಗ್ರೈಂಡರಿನ ಕಾದ ಕಿಡಿ ಬಿದ್ದ ಕಡೆಯೆಲ್ಲ ಬಣ್ಣ ಸುಟ್ಟು ಚುಕ್ಕೆ ಚುಕ್ಕೆ ತುಕ್ಕಾಗುತ್ತದೆ. ಕೊರೆದ ಚೂರುಗಳನ್ನು ಅದೇ ಸಂಜೆ ಮೆತ್ತನೆಯ ಪೊರಕೆಯಿಂದ ಗುಡಿಸಬೇಕು. ಸ್ಕ್ರೂವಿನಡಿಯ ರಬ್ಬರ್ ವಾಷರ್ ತಗಡಿಗೆ ಒತ್ತಿ ಅಂಚಿನಲ್ಲಿ ಚೂರೇ ಹೊರಗೆ ಉಬ್ಬಿದರೆ ಬಿಗಿ ಸರಿಯಾಗಿದೆ. ಚಪ್ಪಟೆಯಾಗಿ ಹರಡಿದರೆ ಅತಿಯಾಯಿತು, ಅಂಥ ವಾಷರ್ ಬೇಗ ಸೀಳುತ್ತದೆ. ಮೊದಲ ಮಳೆಗಾಲ ಮುಗಿದ ಮೇಲೆ ಏಣಿ ಹಾಕಿ ಸೂರಿನ ಸಾಲಿನ ಸ್ಕ್ರೂಗಳನ್ನು ಒಮ್ಮೆ ನೋಡಬೇಕು, ಸಡಿಲವಾದದ್ದನ್ನು ಬಿಗಿಯಬೇಕು. ಒಳಗೆ ನಿಂತು ಟಾರ್ಚ್ ಹಾಕಿ ಶೀಟು ಶೀಟು ಕೂಡುವ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆಯೇ ಎಂದು ಪರೀಕ್ಷಿಸಿ, ಕಂಡರೆ ಒರೆಸಿ ಒಣಗಿಸಿ ಸತುವಿನ ಬಣ್ಣ ಹಚ್ಚಬೇಕು, ಎತ್ತರದ ಕಡೆಯ ಗಾಳಿಸಂದಿಯನ್ನು ಇನ್ನಷ್ಟು ತೆರೆಯಬೇಕು.